ಕಾಪು ಕಡಲತೀರಕ್ಕೆ ಬಂದ ಡೈನೋಸಾರ್

ಡಿಸೆಂಬರ್ ರಜೆಯಲ್ಲಿ ನಮ್ಮ ಅಕ್ಕನ ಮನೆಯವರು ಶಿವಮೊಗ್ಗದಿಂದ ಕಾಪುವಿಗೆ ಹೋಗಿದ್ದರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಅಲ್ಲೇ ಓಡಾಡುತ್ತಿದ್ದವರೊಬ್ಬರ ಕೈಗೆ ಫೋನ್ ಕೊಟ್ಟು ತೆಗೆಸಿಕೊಂಡ ಫೋಟೊ ಒಂದಿದೆ. ಮುಂದೆ ಐದು ಜನ, ಹಿಂದೆ ಸಮುದ್ರ, ಎಡತುದಿಯಲ್ಲಿ ಬಂಡೆಯ ಮೇಲಿನ ದೀಪಸ್ತಂಭ. ಏಳನೇ ತರಗತಿಯ ಅಳಿಯ ಊರಿಗೆ ಬಂದವನೇ ಅದರಲ್ಲಿ ಒಂದು ಡೈನೋಸಾರ್, ಒಂದು ರಾಕೆಟ್ ಸೇರಿಸಿದ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಎರಡು ಚಿತ್ರಗಳನ್ನು ಅಂದವಾಗಿ ಕತ್ತರಿಸಿದ್ದ. ಆದರೂ ಅವನಿಗೆ ಸಮಾಧಾನವಿರಲಿಲ್ಲ. "ಮಾವ, ಅಂಚೆಲ್ಲಾ ನೀಟಾಗಿದೆ. ಆದ್ರೂ ಸ್ಟಿಕ್ಕರ್ ಅಂಟಿಸಿದ ಹಾಗೇ ಕಾಣುತ್ತಲ್ಲ, ಯಾಕೆ?"

ಫೋಟೊ ಜೋಡಿಸಲು ಕೂತವರೆಲ್ಲ ಎದುರಿಸುವ ಪ್ರಶ್ನೆ ಇದು. ಉತ್ತರ ಅಂಚಿನಲ್ಲಿಲ್ಲ. ಒಂದು ಫೋಟೊದಲ್ಲಿರುವ ಎಲ್ಲವನ್ನೂ ಒಂದೇ ಎತ್ತರದ ಕ್ಯಾಮೆರಾ ನೋಡಿರುತ್ತದೆ, ಒಂದೇ ಸೂರ್ಯ ಬೆಳಗಿರುತ್ತಾನೆ, ಒಂದೇ ಗಾಳಿಯ ಮೂಲಕ ಬೆಳಕು ಬಂದಿರುತ್ತದೆ. ಹೊರಗಿನಿಂದ ಬಂದ ಚಿತ್ರ ಈ ಮೂರರಲ್ಲಿ ಒಂದನ್ನು ತಪ್ಪಿದರೂ ನೋಡುವವರ ಕಣ್ಣಿಗೆ ಅದು ಹೊಂದುವುದಿಲ್ಲ. ಏನು ತಪ್ಪಾಗಿದೆ ಎಂದು ಹೇಳಲು ಬಾರದಿದ್ದರೂ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಅವನು ಎರಡನೇ ಸಲ ಮಾಡಿದ ಕೆಲಸವನ್ನು ಈ ಮೂರರ ಕ್ರಮದಲ್ಲೇ ಹೇಳುತ್ತೇನೆ. ಬಳಸಿದ್ದು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ. ಪದರಗಳನ್ನು, ಅಂದರೆ ಲೇಯರ್‌ಗಳನ್ನು ಬಳಸಲು ಬಿಡುವ ಯಾವ ತಂತ್ರಾಂಶದಲ್ಲೂ ಇದೇ ದಾರಿ ನಡೆಯುತ್ತದೆ.

ಮೊದಲು ಸಮುದ್ರದ ಗೆರೆ ನೋಡಿ

ಕಡಲತೀರದ ಫೋಟೊದಲ್ಲಿ ಒಂದು ದೊಡ್ಡ ಅನುಕೂಲವಿದೆ. ಸಮುದ್ರವೂ ಆಕಾಶವೂ ಸೇರುವ ಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಆ ಗೆರೆ ಯಾವಾಗಲೂ ಕ್ಯಾಮೆರಾ ಇದ್ದ ಎತ್ತರದಲ್ಲೇ ಇರುತ್ತದೆ. ಸಮತಟ್ಟಾದ ನೆಲದ ಮೇಲೆ ನಿಂತ ಪ್ರತಿಯೊಂದು ವಸ್ತುವನ್ನೂ, ಅದು ಹತ್ತಿರವಿರಲಿ ದೂರವಿರಲಿ, ಆ ಗೆರೆ ಒಂದೇ ಎತ್ತರದಲ್ಲಿ ಹಾದುಹೋಗುತ್ತದೆ. ನಮ್ಮ ಫೋಟೊದಲ್ಲಿ ಅದು ಭಾವನ ಗದ್ದದ ಹಿಂದೆ ಹಾದಿತ್ತು. ಅವರ ಎತ್ತರ 1.7 ಮೀಟರ್, ಗದ್ದ ನೆಲದಿಂದ ಸುಮಾರು 1.5 ಮೀಟರ್. ಹಾಗಾಗಿ ಕ್ಯಾಮೆರಾ ಇದ್ದದ್ದೂ 1.5 ಮೀಟರ್ ಎತ್ತರದಲ್ಲಿ. ದೂರದಲ್ಲಿ ನೀರಿನಂಚಿಗೆ ನಡೆಯುತ್ತಿದ್ದ ಒಬ್ಬರ ಗದ್ದದ ಬಳಿಯೂ ಗೆರೆ ಹಾದಿತ್ತು. ಮರಳು ಅಲ್ಲಿಯವರೆಗೆ ಹೆಚ್ಚೇನೂ ಇಳಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ತೀರ ಇಳಿಜಾರಾಗಿದ್ದರೆ ಈ ಲೆಕ್ಕ ಜಾರುತ್ತದೆ. ಆಗ ಹೊಸ ಪ್ರಾಣಿ ನಿಲ್ಲುವ ಜಾಗದ ಹತ್ತಿರವೇ ಇರುವ ಮನುಷ್ಯರನ್ನು ಅಳತೆಗೋಲಾಗಿ ಹಿಡಿಯಬೇಕು.

ಡೈನೋಸಾರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಈ ಗೆರೆಯೇ ಹೇಳುತ್ತದೆ. ಪೂರ್ತಿ ಬೆಳೆದ ಟಿರಾನೊಸಾರಸ್ ರೆಕ್ಸ್ ಮೂಗಿನಿಂದ ಬಾಲದ ತುದಿಗೆ ಸುಮಾರು 12 ಮೀಟರ್ ಉದ್ದ, ಸೊಂಟದ ಬಳಿ ಸುಮಾರು 4 ಮೀಟರ್ ಎತ್ತರ. ಅದರ ಪಾದ ಗೆರೆಯಿಂದ 150 ಪಿಕ್ಸೆಲ್ ಕೆಳಗಿರಲಿ ಎಂದು ಹುಡುಗ ಜಾಗ ಗುರುತು ಮಾಡಿದ. ಪಾದದಿಂದ ಗೆರೆಯವರೆಗಿನ ಆ 150 ಪಿಕ್ಸೆಲ್ ಅಂದರೆ 1.5 ಮೀಟರ್, ಅಲ್ಲಿಗೆ, ಆ ಜಾಗದಲ್ಲಿ ಒಂದು ಮೀಟರಿಗೆ 100 ಪಿಕ್ಸೆಲ್. ಪಕ್ಕಕ್ಕೆ ತಿರುಗಿ ನಿಂತ ಪ್ರಾಣಿ 1200 ಪಿಕ್ಸೆಲ್ ಉದ್ದ ಇರಬೇಕು, ಸೊಂಟ 400 ಪಿಕ್ಸೆಲ್ ಎತ್ತರದಲ್ಲಿರಬೇಕು, ಸಮುದ್ರದ ಗೆರೆ ಸೊಂಟಕ್ಕಿಂತ ಬಹಳ ಕೆಳಗೆ, ಕಾಲುಗಳ ಹಿಂದೆ ಹಾಯಬೇಕು. ಮೊದಲ ಸಲ ಅವನು ಅಂಟಿಸಿದ್ದ ಡೈನೋಸಾರಿನಲ್ಲಿ ಗೆರೆ ಬೆನ್ನಿನ ಮಟ್ಟಕ್ಕೆ ಹಾದಿತ್ತು. ಚಿತ್ರದಲ್ಲಿ ಅದು ದೈತ್ಯನಂತೆ ಕಂಡರೂ, ಲೆಕ್ಕದಲ್ಲಿ ಭಾವನ ಗದ್ದದಷ್ಟೇ ಎತ್ತರದ ಪ್ರಾಣಿ. ಭಾರತದ್ದೇ ಬೇಕೆಂದರೆ ನರ್ಮದಾ ಕಣಿವೆಯ ರಾಜಾಸಾರಸ್ ಇದೆ. 2003ರಲ್ಲಿ ಹೆಸರು ಪಡೆದ ಈ ಬೇಟೆಗಾರನ ಉದ್ದ ಟಿರಾನೊಸಾರಸ್‌ನ ಅರ್ಧಕ್ಕಿಂತ ತುಸು ಹೆಚ್ಚು. ಅದೇ ಜಾಗದಲ್ಲಿ ನಿಂತರೆ 660 ಪಿಕ್ಸೆಲ್ ಸಾಕು.

ಆಟಿಕೆಯ ಫೋಟೊ ತೆಗೆಯುವ ಬಗೆ

ಇಂಟರ್ನೆಟ್ಟಿನ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಗಾತ್ರ ಸರಿಮಾಡಬಹುದು. ಆದರೆ ಅದನ್ನು ಯಾವ ಎತ್ತರದಿಂದ ನೋಡಲಾಗಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನು ಬದಲಿಸಲಾಗದು. ಮೇಲಿನಿಂದ ನೋಡಿದ ಬೆನ್ನು ಮೇಲಿನಿಂದ ನೋಡಿದ ಬೆನ್ನಾಗಿಯೇ ಉಳಿಯುತ್ತದೆ. ಅದಕ್ಕೇ ಮನೆಯಲ್ಲಿದ್ದ ಪ್ಲಾಸ್ಟಿಕ್ ಆಟಿಕೆಯನ್ನು ಹೊಸದಾಗಿ ಫೋಟೊ ತೆಗೆಯೋಣ ಎಂದೆ.

ಆಟಿಕೆ 24 ಸೆಂಟಿಮೀಟರ್ ಉದ್ದವಿತ್ತು. ನಿಜವಾದ 12 ಮೀಟರಿನ ಐವತ್ತನೇ ಒಂದು ಭಾಗ. ಪ್ರಾಣಿ ಐವತ್ತು ಪಟ್ಟು ಚಿಕ್ಕದಾದರೆ ಉಳಿದ ಅಳತೆಗಳೂ ಐವತ್ತು ಪಟ್ಟು ಚಿಕ್ಕದಾಗಬೇಕು, ಗುಟ್ಟು ಇಷ್ಟೇ. ಕ್ಯಾಮೆರಾದ ಎತ್ತರ 1.5 ಮೀಟರಿನ ಬದಲು 3 ಸೆಂಟಿಮೀಟರ್. ದೂರ ತಿಳಿಯಲು ಇನ್ನೊಂದು ಅಳತೆ ಬೇಕಾಯಿತು. ಫೋನಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ 30 ಸೆಂಟಿಮೀಟರಿನ ಸ್ಕೇಲ್ ಇಟ್ಟು ಫೋಟೊ ತೆಗೆದಾಗ ಅದು 900 ಪಿಕ್ಸೆಲ್ ಬಂತು. ಅಂದರೆ ಒಂದು ಮೀಟರ್ ದೂರದಲ್ಲಿ ಒಂದು ಮೀಟರ್ ವಸ್ತುವಿಗೆ 3000 ಪಿಕ್ಸೆಲ್. ದೂರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಮೀಟರಿಗೆ 100 ಪಿಕ್ಸೆಲ್ ಆಗುವುದು 30 ಮೀಟರ್ ದೂರದಲ್ಲಿ. ಅದರ ಐವತ್ತನೇ ಒಂದು ಭಾಗ 60 ಸೆಂಟಿಮೀಟರ್.

ಈ ಸಂಖ್ಯೆಗಳು 4000 × 3000 ಪಿಕ್ಸೆಲ್ಲಿನ ಮೂಲ ಫೋಟೊಗೆ, ಅದೇ ಫೋನಿಗೆ, ಜೂಮ್ ಮಾಡದೆ ತೆಗೆದದ್ದಕ್ಕೆ ಮಾತ್ರ ಸರಿ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಮೂಲ ಫೈಲನ್ನು ಕೇಬಲ್ ಮೂಲಕ ಅಥವಾ ಡಾಕ್ಯುಮೆಂಟ್ ಆಗಿ ಪಡೆದುಕೊಳ್ಳುವುದು ಒಳ್ಳೆಯದು.

ಮೂರು ಸೆಂಟಿಮೀಟರ್ ಎತ್ತರದಲ್ಲಿ ಕ್ಯಾಮೆರಾ ಇಡುವುದು ಹೇಗೆ? ಫೋನನ್ನು ತಲೆಕೆಳಗು ಮಾಡಿ ನೆಲಕ್ಕೆ ಊರಿದರೆ ಮೇಲ್ತುದಿಯಲ್ಲಿರುವ ಕ್ಯಾಮೆರಾ ನೆಲದ ಹತ್ತಿರ ಬರುತ್ತದೆ. ಪರದೆಯ ಕಡೆಗೆ ಒಂದು ಇಟ್ಟಿಗೆ ಆತುಕೊಟ್ಟು ನೇರವಾಗಿ ನಿಲ್ಲಿಸಬೇಕು. ಮುಂದಕ್ಕಾಗಲಿ ಹಿಂದಕ್ಕಾಗಲಿ ವಾಲಿದರೆ ನೋಟದ ಗೆರೆ ಜರುಗುತ್ತದೆ. ಆಟಿಕೆಯ ಕೆಳಗೂ ಹಿಂದೂ ಮರಳಿನ ಬಣ್ಣದ ಚಾರ್ಟ್ ಕಾಗದ ಹಾಸಿದೆವು. ಕಡಲತೀರದಲ್ಲಿ ಬಿಸಿಲು ಮರಳಿಗೆ ಬಡಿದು ಪ್ರಾಣಿಯ ಹೊಟ್ಟೆಗೆ ನಸುಹಳದಿ ಬೆಳಕು ಚೆಲ್ಲುತ್ತದೆ, ಈ ಕಾಗದವೂ ಅದೇ ಕೆಲಸ ಮಾಡುತ್ತದೆ. ಹಸಿರು ಬಟ್ಟೆ ಹಾಸಿದ್ದರೆ ಹೊಟ್ಟೆಯೆಲ್ಲ ಹಸಿರಾಗುತ್ತಿತ್ತು. ನಿಜವಾದ ಮರಳೂ ಇಲ್ಲಿ ಬೇಡ. ಐವತ್ತರಲ್ಲಿ ಒಂದರ ಅಳತೆಯಲ್ಲಿ ಮರಳಿನ ಕಾಳು ಜಲ್ಲಿಯಂತೆ ಕಾಣುತ್ತದೆ.

ಕೊನೆಯದಾಗಿ ಪ್ಲಾಸ್ಟಿಕ್‌ನ ಹೊಳಪು. ಬಿಸಿಲಿನಲ್ಲಿ ಬೆನ್ನ ಮೇಲೆ ಬೆಳ್ಳಗೆ ಮಿಂಚುವ ಚುಕ್ಕೆಯೊಂದೇ ಇದು ಆಟಿಕೆ ಎಂದು ಹೇಳಿಬಿಡುತ್ತದೆ. ಬೆರಳಿಗೆ ಒಂದು ಚೂರು ಟಾಲ್ಕಂ ಪೌಡರ್ ಹಚ್ಚಿಕೊಂಡು ಮೈಯೆಲ್ಲ ಸವರಿ ಊದಿದರೆ ಹೊಳಪು ಹೋಗಿ ಒರಟು ಚರ್ಮದ ಹಾಗಾಗುತ್ತದೆ.

ಸೂರ್ಯ ಎಲ್ಲಿದ್ದ?

ಕಾಪುವಿನಲ್ಲಿ ಸಮುದ್ರ ಪಶ್ಚಿಮಕ್ಕಿದೆ. ಸಮುದ್ರದ ಕಡೆ ನೋಡುತ್ತಿದ್ದ ಕ್ಯಾಮೆರಾದ ಬೆನ್ನಿಗೆ ಪೂರ್ವ, ಎಡಕ್ಕೆ ದಕ್ಷಿಣ. ಡಿಸೆಂಬರಿನ ಬೆಳಿಗ್ಗೆ ಒಂಬತ್ತಕ್ಕೆ ಸೂರ್ಯ ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 28 ಡಿಗ್ರಿ ಮೇಲಿರುತ್ತಾನೆ. ಹಾಗಾಗಿ ಬೆಳಕು ಫೋಟೊ ತೆಗೆದವರ ಎಡಭುಜದ ಹಿಂದಿನಿಂದ ಬಂದು, ಎಲ್ಲರ ನೆರಳೂ ಹಿಂದಕ್ಕೆ ಮತ್ತು ಬಲಕ್ಕೆ ಚಾಚಿತ್ತು. ನೆರಳಿನ ಉದ್ದ ಅವರವರ ಎತ್ತರದ ಹತ್ತಿರ ಹತ್ತಿರ ಎರಡರಷ್ಟು. ದಿಕ್ಕು ತಿಳಿಯದ ಫೋಟೊದಲ್ಲೂ ಮೂಗಿನ ನೆರಳು ಕೆನ್ನೆಯ ಯಾವ ಕಡೆ ಬಿದ್ದಿದೆ, ಕಾಲಿನ ನೆರಳು ಎತ್ತ ಚಾಚಿದೆ ಎಂಬ ಎರಡನ್ನು ನೋಡಿದರೆ ಸಾಕು, ಬೆಳಕಿನ ದಾರಿ ಸಿಗುತ್ತದೆ.

ತಾರಸಿಯ ಮೇಲೆ ಅದನ್ನೇ ಮತ್ತೆ ಸಾಧಿಸುವುದು ಸುಲಭ. ಅದೇ ವಾರ, ಬೆಳಿಗ್ಗೆ ಅದೇ ಒಂಬತ್ತಕ್ಕೆ, ಫೋನಿನ ದಿಕ್ಸೂಚಿ ನೋಡಿಕೊಂಡು ಕ್ಯಾಮೆರಾವನ್ನು ಪಶ್ಚಿಮಕ್ಕೆ ಮುಖ ಮಾಡಿ ಇಟ್ಟರೆ ಆಯಿತು. ಆಟಿಕೆಯ ಎಡಪಕ್ಕ ಬೆಳಗಿ, ನೆರಳು ತಾನಾಗಿಯೇ ಹಿಂದಕ್ಕೆ ಬಲಕ್ಕೆ ಬಿತ್ತು.

ಆ ನೆರಳು ನೋಡಿದಾಗ ಹುಡುಗನಿಗೆ ಆಶ್ಚರ್ಯವಾಯಿತು. ಮೊದಲ ಪ್ರಯತ್ನದಲ್ಲಿ ಅವನು ಡೈನೋಸಾರಿನ ಕಪ್ಪು ಪ್ರತಿಯೊಂದನ್ನು ಬಲಕ್ಕೆ ವಾಲಿಸಿ, ಅಗಲವಾದ ದೊಡ್ಡ ನೆರಳು ಮಾಡಿದ್ದ. ಇಲ್ಲಿ ಕಂಡದ್ದು ತೆಳ್ಳನೆಯ ಒಂದು ಪಟ್ಟಿ. ಲೆಕ್ಕವೂ ಅದನ್ನೇ ಹೇಳುತ್ತದೆ. ನಾಲ್ಕು ಮೀಟರ್ ಎತ್ತರದ ಸೊಂಟದ ನೆರಳು ನೆಲದ ಮೇಲೆ ಏಳೂವರೆ ಮೀಟರ್ ಚಾಚುತ್ತದೆ ನಿಜ. ಆದರೆ 30 ಮೀಟರ್ ದೂರದ ನೆಲವನ್ನು 1.5 ಮೀಟರ್ ಎತ್ತರದಿಂದ ನೋಡಿದಾಗ ಅದು ಓರೆಯಾಗಿ ಕುಗ್ಗಿ, ಫೋಟೊದಲ್ಲಿ ಬಲಕ್ಕೆ 360 ಪಿಕ್ಸೆಲ್ ಹೋದರೂ ಮೇಲಕ್ಕೆ ಏರುವುದು ಬರೀ 25 ಪಿಕ್ಸೆಲ್. ಕಡಲತೀರದ ನಕಲಿ ಫೋಟೊಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ: ನೆರಳು ನೆಲದ ಮೇಲೆ ಮಲಗಿರುವುದಿಲ್ಲ, ಎದ್ದು ನಿಂತಿರುತ್ತದೆ.

ಪ್ರಾಣಿಗೊಂದು ಪದರ, ನೆರಳಿಗೊಂದು ಪದರ

ಗಿಂಪ್‌ನಲ್ಲಿ ಕುಟುಂಬದ ಫೋಟೊ ತೆರೆದು, `File > Open as Layers` ಮೂಲಕ ಆಟಿಕೆಯ ಫೋಟೊವನ್ನು ಅದರ ಮೇಲೆ ತಂದು, ಆ ಪದರವನ್ನು ಇನ್ನೊಂದು ಪ್ರತಿ ಮಾಡಬೇಕು. ದೂರವೂ ಎತ್ತರವೂ ಸರಿಯಿದ್ದುದರಿಂದ ಡೈನೋಸಾರ್ 1200 ಪಿಕ್ಸೆಲ್ಲಿಗೇ ಬಂದಿತ್ತು; ಹಿಗ್ಗಿಸುವ ಕೆಲಸವೇ ಬೀಳಲಿಲ್ಲ. ಪಾದ ಗುರುತಿನ ಜಾಗಕ್ಕೆ ಬರುವಂತೆ ಎರಡೂ ಪ್ರತಿಗಳನ್ನು ಒಟ್ಟಿಗೆ ಸರಿಸಿದ.

ಎರಡರಲ್ಲಿ ಕೆಳಗಿನ ಪ್ರತಿ ನೆರಳಿಗೆ. ಅದರ ಮೋಡ್ ಅನ್ನು `Multiply` ಮಾಡಿದರೆ ಅದು ತನ್ನ ಕೆಳಗಿನ ಫೋಟೊವನ್ನು ಕಪ್ಪಾಗಿಸಬಲ್ಲದು, ಬೆಳಗಿಸಲಾರದು. ಬಿಳಿ ಇದ್ದ ಕಡೆ ಏನೂ ಮಾಡದು. ಆದ್ದರಿಂದ `Colors > Levels` ತೆರೆದು, ಅಲ್ಲಿನ ಬಿಳಿ ಡ್ರಾಪರ್ ಹಿಡಿದು ಬಿಸಿಲು ಬಿದ್ದ ಕಾಗದದ ಮೇಲೆ ಒತ್ತಬೇಕು. ಕಾಗದ ಬಿಳಿಯಾಗಿ ಮಾಯವಾಗುತ್ತದೆ, ಅದರ ಮೇಲಿನ ನೆರಳು ಮಾತ್ರ ಕಾಪುವಿನ ಮರಳಿನ ಮೇಲೆ ಉಳಿಯುತ್ತದೆ, ಮರಳಿನ ಸಣ್ಣ ಉಬ್ಬುತಗ್ಗುಗಳೂ ಅದರೊಳಗೆ ಕಾಣುತ್ತವೆ. ಕಾಗದದ ಅಂಚು ಎಲ್ಲಾದರೂ ಉಳಿದಿದ್ದರೆ ಅಲ್ಲಿ ಬಿಳಿ ಬಳಿದುಬಿಡಬಹುದು.

ಮೇಲಿನ ಪ್ರತಿ ಪ್ರಾಣಿಗೆ. `Layer > Mask > Add Layer Mask` ಎಂದು ಒಂದು ಮಾಸ್ಕ್ ಹಾಕಿ, ಅದರಲ್ಲಿ ಕಪ್ಪು ಬಳಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ. ಎರೇಸರಿನಿಂದ ಅಳಿಸಿದ್ದು ಹೋಯಿತೆಂದೇ ಲೆಕ್ಕ. ಮಾಸ್ಕಿನಲ್ಲಿ ಎಷ್ಟು ಸಲ ಬೇಕಾದರೂ ತಿದ್ದಬಹುದು. ಅಂಚನ್ನು ಆಟಿಕೆಯ ಹೊರಗೆರೆಗಿಂತ ಒಂದು ಪಿಕ್ಸೆಲ್ ಒಳಗೇ ಹಿಡಿಯಬೇಕು, ಇಲ್ಲವಾದರೆ ಸುತ್ತ ಕಾಗದದ ತೆಳು ಪಟ್ಟಿ ಉಳಿಯುತ್ತದೆ. ಹಾಗೆಂದು ಬ್ಲೇಡಿನಿಂದ ಕೊಯ್ದಷ್ಟು ಚೂಪಾಗಿಯೂ ಇರಬಾರದು. ಆ ಫೋಟೊದಲ್ಲಿ ನೀರಿನಂಚಿಗೆ ನಡೆಯುತ್ತಿದ್ದವರ ಅಂಗಿಯ ಅಂಚು ದೊಡ್ಡದು ಮಾಡಿ ನೋಡಿದರೆ ಎರಡು ಪಿಕ್ಸೆಲ್ ಮೆತ್ತಗಿತ್ತು. ಡೈನೋಸಾರಿನ ಅಂಚೂ ಅಷ್ಟೇ ಮೆತ್ತಗಾಗಬೇಕು.

ಪಾದದ ಹತ್ತಿರ ಇನ್ನೊಂದು ಕೆಲಸವಿದೆ. ಹಲವು ಟನ್ ತೂಕದ ಪ್ರಾಣಿ ಮರಳಿನಲ್ಲಿ ಹೂತುಕೊಳ್ಳದೆ ಇರುವುದಿಲ್ಲ. ಮಾಸ್ಕಿನಲ್ಲಿ ಬೆರಳುಗಳ ತಳವನ್ನು ಅಂಕುಡೊಂಕಾಗಿ ಮರೆಮಾಡಿದ, ಪಾದ ಮರಳಿನೊಳಗೆ ಇಳಿದಂತಾಯಿತು. ಬಾಲವನ್ನು ಭಾವನ ಭುಜದ ಹಿಂದೆ ಹಾಯಿಸಿ, ನೆರಳಿನ ಪ್ರತಿಯಲ್ಲೂ ಆ ಭಾಗಕ್ಕೆ ಬಿಳಿ ಬಳಿದ. ಒಂದು ವಸ್ತು ಇನ್ನೊಂದನ್ನು ಮರೆಮಾಡಿದಾಗಲೇ ದೂರವೆಂಬುದು ಕಣ್ಣಿಗೆ ಖಚಿತವಾಗುವುದು. ಅಕ್ಕನ ಹಿಂದೆ ಬೇಡ ಎಂದೆ. ಅವಳ ಕೂದಲು ಕಡಲ ಗಾಳಿಗೆ ಹಾರುತ್ತಿತ್ತು, ಒಂದೊಂದು ಎಳೆಯ ನಡುವೆಯೂ ಡೈನೋಸಾರ್ ಕಾಣುವಂತೆ ಮಾಸ್ಕ್ ಮಾಡುವುದು ಅನುಭವಿಗಳಿಗೂ ಕಷ್ಟ. ಅಂಗಿಯ ಭುಜಕ್ಕೆ ಸ್ಪಷ್ಟ ಅಂಚಿರುತ್ತದೆ.

ರಾಕೆಟ್ಟಿಗೆ ಗಾಳಿಯ ಲೆಕ್ಕ

ನೆಲದ ಮೇಲೆ ನಿಲ್ಲದ ವಸ್ತುವಿಗೆ ಸಮುದ್ರದ ಗೆರೆ ಅಳತೆ ಹೇಳುವುದಿಲ್ಲ. ಆಕಾಶದಲ್ಲಿರುವ ರಾಕೆಟ್ ಎಷ್ಟು ದೊಡ್ಡದಾಗಿಯೂ ಇರಬಹುದು. ಅದು ಎಷ್ಟು ದೂರದಲ್ಲಿದೆ ಎಂದು ನಾವೇ ತೀರ್ಮಾನಿಸಿಕೊಂಡು, ಆ ತೀರ್ಮಾನಕ್ಕೆ ಬದ್ಧರಾಗಿರಬೇಕು. ಹುಡುಗ ಆರಿಸಿಕೊಂಡದ್ದು ಚಂದ್ರಯಾನ-3ನ್ನು 2023ರ ಜುಲೈ 14ರಂದು ಹೊತ್ತೊಯ್ದ ಇಸ್ರೋದ ಎಲ್‌ವಿಎಂ3. ಅದರ ಎತ್ತರ 43.5 ಮೀಟರ್. ಸಮುದ್ರದ ಮೇಲೆ 500 ಮೀಟರ್ ದೂರದಲ್ಲಿದೆ ಎಂದುಕೊಂಡರೆ, 43.5ನ್ನು 3000ದಿಂದ ಗುಣಿಸಿ 500ರಿಂದ ಭಾಗಿಸಿದಾಗ 261 ಪಿಕ್ಸೆಲ್. "ಇಷ್ಟೇನಾ?" ಎಂದು ಅವನ ಮುಖ ಸಪ್ಪಗಾಯಿತು. ಪಕ್ಕದಲ್ಲೇ ಕಾಪುವಿನ ದೀಪಸ್ತಂಭವಿತ್ತು. 1901ರಲ್ಲಿ ಕಟ್ಟಿದ ಆ ಗೋಪುರದ ಎತ್ತರ ಸುಮಾರು 27 ಮೀಟರ್, ಫೋಟೊದಲ್ಲಿ 270 ಪಿಕ್ಸೆಲ್ ಇತ್ತು. ಹಾಗಾದರೆ ಅದು 300 ಮೀಟರ್ ದೂರದಲ್ಲಿದೆ. ಅದಕ್ಕಿಂತ ಹಿಂದಿರುವ ರಾಕೆಟ್ ಅದರಷ್ಟೇ ಎತ್ತರ ಕಂಡರೆ, ನಿಜದಲ್ಲಿ ಎಷ್ಟು ದೊಡ್ಡದಿರಬೇಕೆಂದು ನೋಡುವವರೇ ಊಹಿಸಿಕೊಳ್ಳುತ್ತಾರೆ ಎಂದಾಗ ಒಪ್ಪಿದ.

ರಾಕೆಟ್ಟನ್ನೂ ತಾರಸಿಯಲ್ಲೇ ಫೋಟೊ ತೆಗೆದೆವು. ನೂರರಲ್ಲಿ ಒಂದರ ಅಳತೆಯಲ್ಲಿ ಚಾರ್ಟ್ ಕಾಗದ ಸುತ್ತಿ 43.5 ಸೆಂಟಿಮೀಟರಿನ ನಡುಗೊಳವೆ, ಅದರ ಎರಡು ಪಕ್ಕಕ್ಕೆ ಗಟ್ಟಿ ಇಂಧನದ ಎರಡು ಬೂಸ್ಟರ್. ದಾರದಲ್ಲಿ ತೂಗುಹಾಕಿ, ಅದೇ ಬಿಸಿಲಿನಲ್ಲಿ, ಪಶ್ಚಿಮದ ಆಕಾಶಕ್ಕೆ ಎದುರಾಗಿ 5 ಮೀಟರ್ ದೂರದಿಂದ ತೆಗೆದಾಗ ಲೆಕ್ಕದಷ್ಟೇ ಬಂತು. ಹೊಗೆಗೆ ಹಿಂಜಿದ ಹತ್ತಿಯನ್ನು ಬೂಸ್ಟರ್‌ಗಳ ಕೆಳಗೆ ಕಟ್ಟಿದ್ದೆವು. ಬಿಳಿ ಹೊಗೆಯ ಬಿಸಿಲಿನ ಪಕ್ಕವೂ ನೆರಳಿನ ಪಕ್ಕವೂ ಅದರಲ್ಲೇ ಸಿಕ್ಕವು.

ಬೆಂಕಿಯನ್ನು ಮಾತ್ರ ಬರೆಯಬೇಕಾಯಿತು. ಹುಡುಗ ಮೂರೂ ಕೊಳವೆಗಳ ಕೆಳಗೆ ಜ್ವಾಲೆ ಹಾಕಿದ್ದ. ಎಲ್‌ವಿಎಂ3 ನೆಲ ಬಿಡುವಾಗ ಉರಿಯುವುದು ಪಕ್ಕದ ಎರಡು ಬೂಸ್ಟರ್‌ಗಳು ಮಾತ್ರ. ನಡುವಿನ ದ್ರವ ಇಂಧನದ ಎಂಜಿನ್‌ಗಳು ಹೊತ್ತಿಕೊಳ್ಳುವುದು ಹೆಚ್ಚುಕಡಿಮೆ ಎರಡು ನಿಮಿಷದ ನಂತರ, ಬಹಳ ಎತ್ತರದಲ್ಲಿ. ಹಾಗಾಗಿ ಎರಡೇ ಜ್ವಾಲೆ. ಹೊಸ ಪದರದಲ್ಲಿ ನಡುವೆ ಬಿಳಿ, ಅಂಚಿಗೆ ಹಳದಿ ಬಳಿದು, ಸ್ವಲ್ಪ ಮಸುಕು ಮಾಡಿ, ಪದರದ ಮೋಡ್ ಅನ್ನು `Screen` ಮಾಡಿದ. ಇದು `Multiply`ಗೆ ಸರಿಯಾಗಿ ವಿರುದ್ಧ: ಕೆಳಗಿನದಕ್ಕೆ ಬೆಳಕನ್ನು ಸೇರಿಸಬಲ್ಲದು, ಕಳೆಯಲಾರದು. ಹೊಗೆ ನೀರು ಮುಟ್ಟುವ ಜಾಗಕ್ಕೂ ಲೆಕ್ಕವಿದೆ. 500 ಮೀಟರ್ ದೂರದ ನೀರು ಸಮುದ್ರದ ಗೆರೆಯಿಂದ ಕೇವಲ 9 ಪಿಕ್ಸೆಲ್ ಕೆಳಗೆ ಬರುತ್ತದೆ.

ಇಷ್ಟಾದರೂ ರಾಕೆಟ್ ಮುಂದಕ್ಕೆ ಬಂದು ನಿಂತಂತೆ ಕಾಣುತ್ತಿತ್ತು. ಉಳಿದಿದ್ದದ್ದು ಮೂರನೆಯದು, ಗಾಳಿ. ಕಡಲ ಮೇಲಿನ ಗಾಳಿಯಲ್ಲಿ ಉಪ್ಪು, ತೇವ, ದೂಳು ಸೇರಿರುತ್ತವೆ. ದೂರ ಹೆಚ್ಚಿದಷ್ಟೂ ಕಪ್ಪು ಬಣ್ಣ ತನ್ನ ಕಪ್ಪನ್ನು ಕಳೆದುಕೊಂಡು ನೀಲಿಬೂದಿಗೆ ತಿರುಗುತ್ತದೆ. ಅದನ್ನು ಅಳೆಯಲು ದೀಪಸ್ತಂಭದ ಕಪ್ಪು ಪಟ್ಟೆಗಿಂತ ಒಳ್ಳೆಯ ಸಾಧನ ಬೇಕೇ? ಕಲರ್ ಪಿಕರ್‌ನಿಂದ ಪಟ್ಟೆಯ ಮೇಲೆ ಒತ್ತಿದಾಗ ಕೆಂಪು 52, ಹಸಿರು 60, ನೀಲಿ 72 ಎಂದು ತೋರಿಸಿತು. ಕಾಗದದ ರಾಕೆಟ್ಟಿನ ಮೇಲೆ ಮಸಿಯಿಂದ ಎಳೆದ ಕಪ್ಪು ಗೆರೆಯಲ್ಲಿ ಮೂರೂ 20ರ ಆಸುಪಾಸಿನಲ್ಲಿದ್ದವು. `Levels`ನಲ್ಲಿ ಕೆಳಗಿನ `Output Levels` ಪಟ್ಟಿಯ ಕಪ್ಪು ತುದಿಯನ್ನು ಒಂದೊಂದು ಬಣ್ಣಕ್ಕೂ ಬೇರೆಬೇರೆಯಾಗಿ ಏರಿಸಿ, ರಾಕೆಟ್ಟಿನ ಕಪ್ಪನ್ನು ದೀಪಸ್ತಂಭದ ಕಪ್ಪಿಗಿಂತ ತುಸುವೇ ಹೆಚ್ಚು ಮಸುಕಾಗಿಸಿದ, ಯಾಕೆಂದರೆ ರಾಕೆಟ್ ಇನ್ನೂ ದೂರದಲ್ಲಿದೆ. ಆ ಕ್ಷಣಕ್ಕೆ ಅದು ದೀಪಸ್ತಂಭದ ಹಿಂದಕ್ಕೆ ಹೋಗಿ ಕೂತಿತು. ಡೈನೋಸಾರಿಗೆ ಅಷ್ಟು ಬೇಕಾಗಲಿಲ್ಲ; 30 ಮೀಟರಿನಲ್ಲಿ ಗಾಳಿಯ ಪರಿಣಾಮ ಕಣ್ಣಿಗೆ ಕಾಣುವಷ್ಟಿರುವುದಿಲ್ಲ.

ಪರೀಕ್ಷೆ, ಉಳಿಸುವುದು, ಹೆಸರು

ಗಂಟೆಗಟ್ಟಲೆ ಅದನ್ನೇ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಎರಡು ಪರೀಕ್ಷೆಗಳು ಸಾಕು. ಒಂದು, ಇಡೀ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ನೋಡುವುದು. ವಾಲಿದ್ದು, ತೇಲುತ್ತಿರುವುದು ತಟ್ಟನೆ ಕಾಣುತ್ತದೆ. ಎರಡು, `Levels`ನ ನಡುವಿನ ಗುಂಡಿಯನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಎಳೆಯುವುದು. ಚಿತ್ರ ಅತಿಯಾಗಿ ಬೆಳಗಾದಾಗ ಹೊಂದದ ಕಪ್ಪು, ಅತಿಯಾಗಿ ಕತ್ತಲಾದಾಗ ಆಕಾಶದಲ್ಲಿ ಉಳಿದ ದಾರದ ತುಣುಕು, ಮಾಸ್ಕಿನ ಹೊರಗೆ ಮರೆತ ಕಾಗದದ ಚೂರು ಹೊರಬೀಳುತ್ತವೆ. ನಮ್ಮದರಲ್ಲಿ ಬಾಲದ ಕೆಳಗೆ ಒಂದು ಹಳದಿ ಚೂರು ಹಾಗೇ ಸಿಕ್ಕಿತು. ಬೇರೆಯವರು ಕಳಿಸಿದ ಚಿತ್ರ ನಂಬಬಹುದೇ ಎಂದು ನೋಡುವಾಗಲೂ ಇದೇ ಮೂರು ಪ್ರಶ್ನೆ ಕೇಳಬಹುದು: ದಿಗಂತದ ಗೆರೆ ಎಲ್ಲಿ ಹಾಯುತ್ತದೆ, ನೆರಳುಗಳೆಲ್ಲ ಒಂದೇ ಕಡೆ ಮಲಗಿವೆಯೇ, ದೂರದ ಕಪ್ಪುಗಳೆಲ್ಲ ಒಂದೇ ಹದದಲ್ಲಿ ಮಸುಕಾಗಿವೆಯೇ.

ಪದರಗಳೊಂದಿಗೆ ಉಳಿಸಲು ಗಿಂಪ್‌ನದೇ ಆದ `.xcf` ಫೈಲ್ ಬೇಕು; ಹಂಚಿಕೊಳ್ಳಲು `File > Export As` ಮೂಲಕ `.jpg`. ಮೂಲ ಫೋಟೊದ ಮೇಲೆಯೇ ಉಳಿಸಬಾರದು, ಆ ಪ್ರವಾಸದ ದಾಖಲೆ ಅದೊಂದೇ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಫೋಟೊದೊಳಗೆ ಫೋನಿನ ಮಾದರಿ, ತೆಗೆದ ದಿನಾಂಕ, ಕೆಲವೊಮ್ಮೆ ಸ್ಥಳ ಕೂಡ ಎಕ್ಸಿಫ್ ಮಾಹಿತಿಯಾಗಿ ಇರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ `Save Exif data` ಆಯ್ಕೆಗೆ ಗುರುತು ಹಾಕಿದ್ದರೆ ಡೈನೋಸಾರ್ ಇರುವ ಚಿತ್ರಕ್ಕೂ ಅದೇ ದಿನಾಂಕ, ಅದೇ ಕ್ಯಾಮೆರಾ ಅಂಟಿಕೊಂಡೇ ಹೋಗುತ್ತದೆ. ಆದ್ದರಿಂದ ಎಕ್ಸಿಫ್ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಯಾವ ಚಿತ್ರವೂ ನಿಜವಾಗುವುದಿಲ್ಲ. ಹುಡುಗ ಆ ಗುರುತು ತೆಗೆದ, ಚಿತ್ರದ ಕೆಳಮೂಲೆಯಲ್ಲಿ "ಜೋಡಿಸಿದ ಚಿತ್ರ" ಎಂದು ಸಣ್ಣ ಅಕ್ಷರದಲ್ಲಿ ಬರೆದ, ಆಮೇಲೆ ಮನೆಯವರ ಗುಂಪಿಗೆ ಕಳಿಸಿದ. ಡೈನೋಸಾರ್ ಅಲ್ಲಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಇದೇ ಕೈಚಳಕದಿಂದ ಅಲ್ಲಿಗೆ ಬಾರದ ಒಬ್ಬ ಮನುಷ್ಯನನ್ನು ಸೇರಿಸಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂಲೆಯಲ್ಲಿ ಆ ಎರಡು ಪದ ಬರೆಯುವ ಅಭ್ಯಾಸ ಡೈನೋಸಾರಿನಿಂದಲೇ ಶುರುವಾಗಲಿ ಎಂದು ನಾನು ಹೇಳಿದ್ದು ಅದಕ್ಕೇ.